ಒಂದೇ ಸರಾಸರಿ, ಬೇರೆ ಬೇರೆ ತರಗತಿ

ಹತ್ತನೇ ತರಗತಿಯ ಎ ಮತ್ತು ಬಿ ಸೆಕ್ಷನ್ನುಗಳಲ್ಲಿ ಹನ್ನೊಂದು ಹನ್ನೊಂದು ಮಕ್ಕಳಿದ್ದಾರೆ ಎಂದುಕೊಳ್ಳಿ. ನೂರು ಅಂಕದ ಗಣಿತ ಪರೀಕ್ಷೆಯಲ್ಲಿ ಎರಡರ ಸರಾಸರಿಯೂ ಸುಮಾರು 57. ಸ್ಟಾಫ್ ರೂಮಿನಲ್ಲಿ ಮಾತು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಅಂಕಗಳನ್ನೇ ನೋಡಿ:

ಎ: 12, 48, 52, 55, 58, 60, 62, 65, 68, 71, 75
ಬಿ: 22, 30, 35, 41, 50, 60, 66, 72, 78, 84, 88

ಮಧ್ಯಾಂಕ, ಅಂದರೆ ಸಾಲಿನ ನಟ್ಟನಡುವಿನ ಅಂಕವೂ ಎರಡರಲ್ಲಿ 60. ವ್ಯತ್ಯಾಸ ಕಾಣಬೇಕಾದರೆ ಬಾಕ್ಸ್ ಪ್ಲಾಟ್ ಬೇಕು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ತಮ್ಮ 1977ರ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದರು. ಬರೆಯಲು ಪೆನ್ಸಿಲ್ ಸಾಕು.

ಎ ಸೆಕ್ಷನ್ನಿನಲ್ಲಿ 60ರ ಕೆಳಗಿರುವ ಐದು ಅಂಕಗಳ ನಡುವಿನದು 52, ಮೇಲಿನ ಐದರ ನಡುವಿನದು 68. ಈ ಎರಡರ ಮಧ್ಯೆ ಪೆಟ್ಟಿಗೆ ಎಳೆದು, 60ರಲ್ಲಿ ಅಡ್ಡಗೆರೆ ಹಾಕಿ. ತರಗತಿಯ ಸುಮಾರು ಅರ್ಧದಷ್ಟು ಮಕ್ಕಳು ಈ ಪೆಟ್ಟಿಗೆಯೊಳಗೆ ಬರುತ್ತಾರೆ. ಪೆಟ್ಟಿಗೆಯ ಉದ್ದ 16. ಬಿ ಸೆಕ್ಷನ್ನಿನದು 35ರಿಂದ 78ರವರೆಗೆ, ಉದ್ದ 43. ಒಂದೇ ಅಳತೆಪಟ್ಟಿಯ ಮೇಲೆ ಅಕ್ಕಪಕ್ಕ ನಿಲ್ಲಿಸಿದರೆ ಬಿ ಸೆಕ್ಷನ್ನಿಗೆ ಒಂದೇ ವೇಗದ ಪಾಠ ಸಾಲದು ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಇನ್ನು ಪೆಟ್ಟಿಗೆಯ ಎರಡು ಬದಿಗೂ ಮೀಸೆ. ಅದು ಎಷ್ಟು ದೂರ ಚಾಚಬಹುದು ಎಂಬುದಕ್ಕೆ ಟ್ಯೂಕಿಯ ಲೆಕ್ಕವಿದೆ: ಪೆಟ್ಟಿಗೆಯ ಉದ್ದದ ಒಂದೂವರೆ ಪಟ್ಟು. ಎ ಸೆಕ್ಷನ್ನಿಗೆ ಅದು 24, ಹಾಗಾಗಿ ಕೆಳಗಿನ ಗಡಿ 28. ಮೀಸೆ ಗಡಿಯವರೆಗೆ ಹೋಗುವುದಿಲ್ಲ. ಗಡಿಯೊಳಗಿನ ಕೊನೆಯ ಅಂಕವಾದ 48ಕ್ಕೆ ನಿಲ್ಲುತ್ತದೆ. ಆಚೆ ಉಳಿದ 12 ಒಂಟಿ ಚುಕ್ಕೆ, ಅದೇ ಔಟ್‌ಲೈಯರ್. ಇದೇ 12 ಬಿ ಸೆಕ್ಷನ್ನಿನಲ್ಲಿ 22ರ ಬದಲು ಬಂದಿದ್ದರೆ ಚುಕ್ಕೆಯೇ ಆಗುತ್ತಿರಲಿಲ್ಲ, ಅಲ್ಲಿನ ಗಡಿ ಸೊನ್ನೆಗಿಂತಲೂ ಕೆಳಗಿದೆ. ಅಂದಮೇಲೆ ಚುಕ್ಕೆ ಹೇಳುವುದು ತನ್ನ ತರಗತಿಯವರಿಂದ ಆ ಅಂಕ ಎಷ್ಟು ದೂರವಿದೆ ಎಂಬುದನ್ನು ಮಾತ್ರ, ಮಗು ದಡ್ಡ ಎಂದಲ್ಲ. ಬಿ ಸೆಕ್ಷನ್ನಿನಲ್ಲಿ ಚುಕ್ಕೆ ಇಲ್ಲವೆಂದು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ.

ಚುಕ್ಕೆ ಕಂಡೊಡನೆ ಅಳಿಸುವವರಿದ್ದಾರೆ; ನನಗೆ ಅದು ಸರಿ ಕಾಣದು. ಮೊದಲು ಉತ್ತರಪತ್ರಿಕೆ ತೆಗೆದು ನೋಡಬೇಕು. 72 ಅನ್ನು 12 ಎಂದು ನಮೂದಿಸಿರಬಹುದು, ಒಳಪುಟದ ಅಂಕ ಕೂಡಿಸದೆ ಬಿಟ್ಟಿರಬಹುದು, ಮಗು ಅರ್ಧಕ್ಕೇ ಎದ್ದು ಹೋಗಿರಬಹುದು. ಗೈರುಹಾಜರಾದವರಿಗೆ ಸೊನ್ನೆ ಹಾಕುವ ಅಭ್ಯಾಸವಿದ್ದರಂತೂ ಅದೂ ಚುಕ್ಕೆಯಾಗಿ ಬಂದು ಕೂರುತ್ತದೆ. ಯಾವ ತಪ್ಪೂ ಇಲ್ಲದಿದ್ದರೆ 12 ಅಲ್ಲೇ ಇರಲಿ.

ಈ ಚಿತ್ರಕ್ಕೂ ಒಂದು ಕುರುಡಿದೆ. ಸಿ ಸೆಕ್ಷನ್ನಿನ ಅಂಕಗಳು 22, 34, 35, 36, 37, 60, 76, 77, 78, 79, 88 ಎಂದಿರಲಿ. ಪೆಟ್ಟಿಗೆ, ಅಡ್ಡಗೆರೆ, ಮೀಸೆ ಎಲ್ಲವೂ ಬಿ ಸೆಕ್ಷನ್ನಿನದರಂತೆಯೇ ಬರುತ್ತವೆ. ಆದರೆ ಇಲ್ಲಿ ತರಗತಿ ಎರಡು ಗುಂಪಾಗಿ ಒಡೆದಿದೆ. 37 ಮತ್ತು 76ರ ನಡುವೆ ಇರುವುದು ಒಂದೇ ಮಗು. ತರಗತಿ ಇಷ್ಟು ಚಿಕ್ಕದಿದ್ದಾಗ ಪೆಟ್ಟಿಗೆಯ ಮೇಲೆಯೇ ಪ್ರತಿ ಮಗುವಿನ ಅಂಕಕ್ಕೂ ಒಂದೊಂದು ಚುಕ್ಕೆ ಇಟ್ಟರೆ ಈ ಬಿರುಕು ಕಾಣುತ್ತದೆ.