ಬಿಲ್ ಆಗದ ಬೇಡಿಕೆ: ಇಆರ್‌ಪಿ ಒಳಗಿನ ಮಷೀನ್ ಲರ್ನಿಂಗ್‌ಗೆ ಏನು ಕಾಣುತ್ತೆ, ಏನು ಕಾಣಲ್ಲ

ಮುಂದಿನ ತಿಂಗಳು ಯಾವ ಮಾಲು ಎಷ್ಟು ಹೋಗುತ್ತೆ ಅಂತ ಅಂದಾಜಿಸೋದು ಮತ್ತು ಬಂದ ಬಿಲ್‌ಗಳಲ್ಲಿ ಅನುಮಾನದ್ದು ಯಾವುದು ಅಂತ ಹೇಳೋದು, ಇವೆರಡೂ ಇಆರ್‌ಪಿ ಒಳಗೆ ಮಷೀನ್ ಲರ್ನಿಂಗ್ ಮಾಡುವ ಸಾಮಾನ್ಯ ಕೆಲಸಗಳು. ಪ್ರಾಜೆಕ್ಟ್ ಮಾಡುವಾಗ ನಾವು ಇವನ್ನು ಎರಡು ಬೇರೆ ಮಾಡ್ಯೂಲ್ ಅಂತ ತಗೋತೀವಿ. ಆದರೆ ಎರಡಕ್ಕೂ ಮಿತಿ ಒಂದೇ. ಇಆರ್‌ಪಿಗೆ ಗೊತ್ತಿರೋದು ಅದರಲ್ಲಿ ಎಂಟ್ರಿ ಆದದ್ದು ಮಾತ್ರ. ಅಂಗಡಿಯಲ್ಲಿ ನಿಜವಾಗಿ ನಡೆದದ್ದು ಅದಕ್ಕೆ ಗೊತ್ತಿಲ್ಲ. ಒಂದು ಉದಾಹರಣೆ ಇಟ್ಕೊಂಡು ನೋಡೋಣ.

ಮಾರಾಟ ಬೇರೆ, ಬೇಡಿಕೆ ಬೇರೆ

ದಾವಣಗೆರೆಯಲ್ಲಿ ಪಂಪ್ ಬಿಡಿಭಾಗ ಮಾರುವ ಒಬ್ಬ ಡೀಲರ್ ಇದ್ದಾರೆ ಅಂದುಕೊಳ್ಳಿ. ಒಂದು ಬಗೆಯ ಸೀಲ್ ಜನವರಿಯಲ್ಲಿ 100, ಫೆಬ್ರವರಿಯಲ್ಲಿ 120, ಮಾರ್ಚ್‌ನಲ್ಲಿ 140 ಹೋಗಿದೆ. ಬೇಸಿಗೆ ಏರಿದ ಹಾಗೆ ಬೋರ್‌ವೆಲ್ ಪಂಪ್ ರಿಪೇರಿಯೂ ಏರುತ್ತೆ, ಸಹಜ. ಆದರೆ ಏಪ್ರಿಲ್‌ನಲ್ಲಿ ಹೋಗಿದ್ದು ಬರೀ 40.

ಓಪನ್ ಸೋರ್ಸ್ ಇಆರ್‌ಪಿನೆಕ್ಸ್ಟ್‌ನಲ್ಲಿ ಎಕ್ಸ್‌ಪೊನೆನ್ಶಿಯಲ್ ಸ್ಮೂದಿಂಗ್ ಬಳಸುವ ಒಂದು ರಿಪೋರ್ಟ್ ಇದೆ. ಅದರ ಹಿಂದಿರುವ ಲೆಕ್ಕ ಸರಳ:

ಹೊಸ ಅಂದಾಜು = α × ಈ ತಿಂಗಳ ಮಾರಾಟ + (1 − α) × ಹಳೆಯ ಅಂದಾಜು

α = 0.5 ಇಟ್ಟು, 100ರಿಂದ ಶುರು ಮಾಡಿ. ಮಾರ್ಚ್‌ಗೆ ಅಂದಾಜು 110, ಏಪ್ರಿಲ್‌ಗೆ 125 ಬರುತ್ತೆ. ಏಪ್ರಿಲ್‌ನ 40 ಸೇರಿದ ಮೇಲೆ ಮೇ ತಿಂಗಳಿಗೆ 82.5 ಬರುತ್ತೆ. ಅಂದರೆ ಬೇಡಿಕೆ ಬಿದ್ದಿದೆ, ಕಡಿಮೆ ತರಿಸಿ ಅಂತ ಮಾಡೆಲ್ ಹೇಳುತ್ತಿದೆ.

ನಡೆದಿದ್ದೇ ಬೇರೆ. ಏಪ್ರಿಲ್ 8ಕ್ಕೇ ಸ್ಟಾಕ್ ಖಾಲಿಯಾಗಿತ್ತು. ಆಮೇಲೆ ಬಂದವರೆಲ್ಲ ಪಕ್ಕದ ಅಂಗಡಿಗೆ ಹೋದರು, ಅವರ ಹೆಸರಲ್ಲಿ ಬಿಲ್ ಆಗಲಿಲ್ಲ. ಎಂಟು ದಿನಕ್ಕೆ 40 ಅಂದರೆ ದಿನಕ್ಕೆ 5, ತಿಂಗಳಿಗೆ ಸುಮಾರು 150. ಆ 150 ಹಾಕಿ ನೋಡಿದರೆ ಮೇ ಅಂದಾಜು 137.5 ಆಗುತ್ತೆ.

ಇದರಲ್ಲಿ ಅಪಾಯ ಎಲ್ಲಿದೆ ಅಂದರೆ, ತಪ್ಪು ಹೊರಗೆ ಕಾಣೋದೇ ಇಲ್ಲ. ಡೀಲರ್ 82 ತರಿಸುತ್ತಾರೆ, ಬೇಸಿಗೆಯಾದ್ದರಿಂದ 82ಕ್ಕೆ 82 ಹೋಗುತ್ತೆ. ಅಂದಾಜು 82, ಮಾರಾಟ 82, ತಪ್ಪು ಸೊನ್ನೆ! ಮಾಡೆಲ್ ತನಗೆ ತಾನೇ ನೂರಕ್ಕೆ ನೂರು ಮಾರ್ಕ್ಸ್ ಕೊಟ್ಟುಕೊಳ್ಳುತ್ತೆ, ಗಿರಾಕಿಗಳು ಮಾತ್ರ ವಾಪಸ್ ಹೋಗ್ತಾ ಇರ್ತಾರೆ. ಅಲ್ಗಾರಿದಂ ಬದಲಿಸಿದರೂ ಇದು ಸರಿಹೋಗಲ್ಲ, ಯಾಕಂದ್ರೆ ಬೇಡಿಕೆಯ ಅಂಕಿ ಡೇಟಾದಲ್ಲೇ ಇಲ್ಲ.

ಹಾಗಾಗಿ ಮಾರಾಟದ ಟೇಬಲ್ ಜೊತೆ ಸ್ಟಾಕ್ ಲೆಡ್ಜರನ್ನೂ ಓದಬೇಕು:

```sql
SELECT item_code, warehouse, posting_date
FROM `tabStock Ledger Entry`
WHERE qty_after_transaction <= 0
  AND is_cancelled = 0;
```

ಸ್ಟಾಕ್ ಯಾವ ದಿನ ಸೊನ್ನೆ ಮುಟ್ಟಿತು ಅನ್ನೋದು ಇದರಲ್ಲಿ ಸಿಗುತ್ತೆ. ಅಲ್ಲಿಂದ ಮುಂದಿನ ಮಾಲು ಬರುವವರೆಗಿನ ದಿನಗಳ ಮಾರಾಟವನ್ನು ಸೊನ್ನೆ ಅಂತ ಹಾಕಬೇಡಿ, ಗೊತ್ತಿಲ್ಲ ಅಂತ ಖಾಲಿ ಬಿಡಿ. ಮೇಲಿನ 150 ಕೂಡ ಒಂದು ಊಹೆಯೇ. ತಿಂಗಳ ಮೊದಲ ವಾರದಲ್ಲೇ ಜಾಸ್ತಿ ಖರೀದಿ ಆಗುವ ಅಂಗಡಿಯಾದರೆ ಅದು ಹೆಚ್ಚಾಯ್ತು. ಇನ್ನು ಬೇಸಿಗೆಯ ಏರಿಳಿತವನ್ನು ಮಾಡೆಲ್ ಕಲಿಯಬೇಕಾದರೆ ಕನಿಷ್ಠ ಎರಡು ಬೇಸಿಗೆಯ ದಾಖಲೆ ಬೇಕು. ಒಂದೇ ವರ್ಷದ ಡೇಟಾ ಇದ್ದರೆ, ಏಪ್ರಿಲ್‌ನ ಏರಿಕೆ ಬೇಸಿಗೆಯದೋ ಅಥವಾ ವ್ಯಾಪಾರವೇ ಬೆಳೆದದ್ದೋ ಅಂತ ಬಿಡಿಸಿ ಹೇಳಲಾಗದು.

ತಪ್ಪು ಬಿಲ್ ವಿಚಿತ್ರವಾಗೇ ಇರಬೇಕಂತಿಲ್ಲ

ಈಗ ಖರೀದಿ ಬಿಲ್‌ಗಳ ಕಡೆ ಬನ್ನಿ. ಅನಾಮಲಿ ಅಂದ ಕೂಡಲೇ ಎಷ್ಟೋ ಪ್ರಾಜೆಕ್ಟ್‌ಗಳು ಐಸೊಲೇಷನ್ ಫಾರೆಸ್ಟ್‌ಗೆ ಹೋಗ್ತವೆ. 2008ರಲ್ಲಿ ಬಂದ ಈ ವಿಧಾನದ ತತ್ವ ಚೆನ್ನಾಗಿದೆ: ಡೇಟಾವನ್ನು ಮನಬಂದಂತೆ ತುಂಡು ಮಾಡುತ್ತಾ ಹೋದರೆ, ಗುಂಪಿನಿಂದ ದೂರ ಇರುವ ಬಿಂದು ಬೇಗ ಒಂಟಿಯಾಗುತ್ತೆ. ಆದರೆ ಅದು ಹುಡುಕೋದು ವಿಚಿತ್ರವಾದದ್ದನ್ನು, ತಪ್ಪಾದದ್ದನ್ನಲ್ಲ.

ಒಂದೇ ಬಿಲ್ ಎರಡು ಸಲ ಎಂಟ್ರಿ ಆಗಿದೆ ಅಂತಿಟ್ಟುಕೊಳ್ಳಿ. ಎರಡನೆಯದು ಮೊದಲನೆಯದರ ಹಾಗೇ ಇರುತ್ತೆ. ಅದೇ ಸಪ್ಲೈಯರ್, ಅದೇ ಮೊತ್ತ, ಅದೇ ದರ. ಗುಂಪಿನ ನಟ್ಟನಡುವೆ ಕೂತ ಈ ಬಿಂದುವನ್ನು ಐಸೊಲೇಷನ್ ಫಾರೆಸ್ಟ್ ಮುಟ್ಟುವುದೂ ಇಲ್ಲ. ಇದಕ್ಕೆ ಮಾಡೆಲ್ ಬೇಡ, ನಿಯಮ ಸಾಕು. ಸಪ್ಲೈಯರ್ ಬಿಲ್ ನಂಬರ್ ಮತ್ತೆ ಬಂದರೆ ತಡೆಯುವ ಸೆಟ್ಟಿಂಗ್ ಇಆರ್‌ಪಿನೆಕ್ಸ್ಟ್‌ನಲ್ಲೇ ಇದೆ. ಆದರೆ ಒಬ್ಬರು `INV-0145` ಅಂತಲೂ ಇನ್ನೊಬ್ಬರು `INV/145` ಅಂತಲೂ ಟೈಪ್ ಮಾಡಿದರೆ ಕಂಪ್ಯೂಟರ್‌ಗೆ ಅವೆರಡೂ ಬೇರೆಬೇರೆ. ಹೋಲಿಸುವ ಮೊದಲು ನಂಬರನ್ನು ಒಂದೇ ರೂಪಕ್ಕೆ ತರಬೇಕು:

```python
s = re.sub(r"(?<![0-9])0+(?=[0-9])", "", bill_no.upper())
s = re.sub(r"[^A-Z0-9]", "", s)
```

ಎರಡೂ `INV145` ಆದವು. ಜಿಎಸ್‌ಟಿ ನಿಯಮದಂತೆ ಬಿಲ್ ನಂಬರ್ ಒಂದು ಹಣಕಾಸು ವರ್ಷದೊಳಗೆ ಮರುಕಳಿಸಬಾರದು, ಮುಂದಿನ ವರ್ಷ ಅದೇ ನಂಬರ್ ಬಂದರೆ ತಪ್ಪಿಲ್ಲ. ಆದ್ದರಿಂದ ಸಪ್ಲೈಯರ್, ಹಣಕಾಸು ವರ್ಷ, ನಂಬರ್, ಮೊತ್ತ ನಾಲ್ಕನ್ನೂ ಸೇರಿಸಿ ನೋಡಿ.

ಮಾಡೆಲ್‌ನ ಕೆಲಸ ಇರೋದು ದರದಲ್ಲಿ. ಬರೀ ಮೊತ್ತ ಕೊಟ್ಟರೆ ದೊಡ್ಡ ಬಿಲ್‌ಗಳನ್ನೆಲ್ಲ ಅದು ಎತ್ತಿ ತೋರಿಸುತ್ತೆ ಅಷ್ಟೇ. ಅದರ ಬದಲು ಈ ಬಿಲ್‌ನ ದರವನ್ನು, ಅದೇ ಸಪ್ಲೈಯರ್ ಅದೇ ವಸ್ತುವಿಗೆ ಹಿಂದೆ ಹಾಕಿದ ದರಗಳ ಮೀಡಿಯನ್‌ನಿಂದ ಭಾಗಿಸಿ ಕೊಡಿ. 500 ರೂಪಾಯಿ ಸೀಲ್ 590 ಆಗಿ ಬಂದರೆ ಅನುಪಾತ 1.18. ಇದು ಬೆಲೆ ಏರಿಕೆಯೂ ಇರಬಹುದು, ಆದರೆ 18% ಜಿಎಸ್‌ಟಿ ಸೇರಿದ ಬೆಲೆಯನ್ನೇ ಮೂಲ ದರದ ಕಾಲಂನಲ್ಲಿ ಹಾಕಿರುವ ಸಾಧ್ಯತೆ ಮೊದಲು ನೋಡಬೇಕು. ಅನುಪಾತ 10 ಬಂದರೆ, ಹತ್ತರ ಬಾಕ್ಸನ್ನು ಒಂದು ಪೀಸ್ ಅಂತ ಎಂಟ್ರಿ ಮಾಡಿರಬಹುದು. ಹಿಂದಿನ ನಾಲ್ಕೈದು ಖರೀದಿಯೂ ಇಲ್ಲದ ಹೊಸ ಸಪ್ಲೈಯರ್ ವಿಷಯದಲ್ಲಿ ಈ ಅನುಪಾತಕ್ಕೆ ಅರ್ಥವಿಲ್ಲ. ಅಂಥ ಬಿಲ್ಲನ್ನು ಮನುಷ್ಯರೇ ನೋಡಬೇಕು.

ಇಷ್ಟಾದರೂ ಬಂದ ಎಚ್ಚರಿಕೆಯೆಲ್ಲ ನಿಜವಾಗಲ್ಲ. 10,000 ಬಿಲ್‌ಗಳಲ್ಲಿ 20 ತಪ್ಪಿವೆ ಅನ್ನಿ. ಮಾಡೆಲ್ ಅದರಲ್ಲಿ 16 ಹಿಡಿಯಿತು, ಸರಿಯಾದ ಬಿಲ್‌ಗಳಲ್ಲಿ ಬರೀ 2% ಮೇಲೆ ಸುಮ್ಮನೆ ಅನುಮಾನಪಟ್ಟಿತು. ಆ 2% ಅಂದರೇನೇ ಸುಮಾರು 200 ಬಿಲ್. ಅಕೌಂಟೆಂಟ್ ಮುಂದೆ ಬರುವ 216ರಲ್ಲಿ ನಿಜವಾದ ತಪ್ಪು 16 ಮಾತ್ರ. ಎರಡು ವಾರ ನೋಡಿ, ಮೂರನೇ ವಾರದಿಂದ ಅವರು ತೆರೆಯದೇ ಓಕೆ ಒತ್ತಲು ಶುರು ಮಾಡಿದರೆ ಅವರನ್ನು ಬೈಯೋ ಹಾಗಿಲ್ಲ. ಹಾಗಾಗಿ ದಿನಕ್ಕೆ ಎಷ್ಟು ಬಿಲ್ ಪರಿಶೀಲಿಸಲು ಅವರಿಗೆ ಸಮಯವಿದೆ ಅಂತ ಮೊದಲು ಕೇಳಿ, ಅನುಮಾನದ ಅಂಕದಲ್ಲಿ ಮೇಲಿರುವ ಅಷ್ಟನ್ನೇ ಕಳಿಸಿ. ಮಾಡೆಲ್ ಬಿಟ್ಟ ನಾಲ್ಕು ತಪ್ಪು ಯಾವ ತರದವು ಅಂತ ತಿಳಿಯಬೇಕಾದರೆ, ಅನುಮಾನ ಬಾರದ ಬಿಲ್‌ಗಳಲ್ಲೂ ತಿಂಗಳಿಗೆ ಒಂದಷ್ಟನ್ನು ಚೀಟಿ ಎತ್ತಿದ ಹಾಗೆ ಆರಿಸಿ ಪರಿಶೀಲಿಸಬೇಕು.

ಎರಡೂ ಸೇರುವ ಜಾಗ

ಖರೀದಿ ಬಿಲ್‌ನಲ್ಲಿ `update_stock` ಟಿಕ್ ಆಗಿದ್ದರೆ, ಎರಡು ಸಲ ಎಂಟ್ರಿ ಆದ ಬಿಲ್ ಸ್ಟಾಕನ್ನೂ ಎರಡು ಸಲ ಏರಿಸುತ್ತೆ. ಬಂದ 50 ಸೀಲ್ ಲೆಕ್ಕದಲ್ಲಿ 100 ಆಯಿತು. 50 ಮಾರಿ ಕಪಾಟು ಖಾಲಿಯಾದ ಮೇಲೂ ಲೆಡ್ಜರ್‌ನಲ್ಲಿ 50 ಉಳಿದಿರುತ್ತೆ. ಮೇಲೆ ಬರೆದ ಕ್ವೆರಿ ಆ ದಿನಗಳನ್ನು ಹಿಡಿಯೋದೇ ಇಲ್ಲ. ಸ್ಟಾಕ್ ಇದ್ದರೂ ಯಾರೂ ಕೊಳ್ಳಲಿಲ್ಲ ಅಂತ ಮಾಡೆಲ್ ಓದಿಕೊಂಡು ಅಂದಾಜನ್ನು ಇನ್ನೂ ಇಳಿಸುತ್ತೆ.

ಅದಕ್ಕೇ ಪ್ರಾಜೆಕ್ಟ್‌ನಲ್ಲಿ ಕ್ರಮ ಹೀಗಿರಲಿ: ಮೊದಲು ಬಿಲ್ ತಪಾಸಣೆ, ಆಮೇಲೆ ಗೋಡೌನ್‌ನಲ್ಲಿ ಎಣಿಸಿದ ಸ್ಟಾಕಿಗೂ ಲೆಡ್ಜರ್‌ಗೂ ತಾಳೆ, ಕೊನೆಗೆ ಬೇಡಿಕೆಯ ಅಂದಾಜು. ಮಾಡೆಲ್ ತಯಾರಾದ ಮೇಲೆ ಅದನ್ನು ಹೋದ ವರ್ಷ ಅದೇ ತಿಂಗಳು ಎಷ್ಟು ಹೋಗಿತ್ತು ಅನ್ನುವ ಸಾದಾ ಅಂಕಿಯ ಜೊತೆ ಹೋಲಿಸಿ. ಹೋಲಿಸುವಾಗ ಸ್ಟಾಕ್ ಇದ್ದ ದಿನಗಳನ್ನು ಮಾತ್ರ ತಗೊಳ್ಳಿ. ಆ ಸಾದಾ ಅಂಕಿಗಿಂತ ಚೆನ್ನಾಗಿ ಹೇಳಲಾಗದಿದ್ದರೆ, ಆ ವಸ್ತುವಿಗೆ ಸಾದಾ ಅಂಕಿಯನ್ನೇ ಬಳಸಿ.