ಗೆರೆಗೆ ಮೈ ಬಂದ ಬಗೆ

ಮಿಕ್ಕಿ ಮೌಸ್ ಎದುರಿಗೆ ನೋಡಲಿ, ಪಕ್ಕಕ್ಕೆ ತಿರುಗಲಿ, ಅವನ ಎರಡು ಕಿವಿಗಳೂ ದುಂಡಗೇ ಕಾಣುತ್ತವೆ. ನಿಜವಾಗಿ ತಲೆಗೆ ಅಂಥ ಚಪ್ಪಟೆ ಕಿವಿಗಳಿದ್ದಿದ್ದರೆ, ಪಕ್ಕದಿಂದ ನೋಡುವವರಿಗೆ ಅವುಗಳ ಅಂಚು ಮಾತ್ರ ಕಾಣಬೇಕಿತ್ತು. ಕಾಗದದ ಮೇಲೆ ಇದರಿಂದ ಯಾವ ತೊಂದರೆಯೂ ಇಲ್ಲ. ಅದೇ ಮಿಕ್ಕಿಯನ್ನು ಕಂಪ್ಯೂಟರಿನಲ್ಲಿ ಸುತ್ತಲೂ ತಿರುಗಿಸಿ ನೋಡಬಹುದಾದ ಗೊಂಬೆಯಾಗಿ ಕಟ್ಟಲು ಕೂತರೆ ಮಾತ್ರ ಮೊದಲ ಪ್ರಶ್ನೆ ಇಲ್ಲೇ ಏಳುತ್ತದೆ: ಈ ಕಿವಿ ತಲೆಯ ಮೇಲೆ ನಿಂತಿರುವುದಾದರೂ ಎಲ್ಲಿ?

ಇಂಥ ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಡುವ ಹಾಳೆಗೆ ಟರ್ನ್‌ಅರೌಂಡ್ ಎನ್ನುತ್ತಾರೆ. ಒಂದೇ ಪಾತ್ರವನ್ನು ಎದುರಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ ನೋಡಿದಂತೆ ಸಾಲಾಗಿ ಬರೆದ ಚಿತ್ರ ಅದು. ಆದರೆ ಅದು ಹುಟ್ಟಿದ್ದು ಬೇರೆಯೇ ಅಗತ್ಯಕ್ಕೆ.

1930ರ ದಶಕದಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ಒಂದೇ ಪಾತ್ರವನ್ನು ಅನೇಕ ಕಲಾವಿದರು ಬರೆಯುತ್ತಿದ್ದರು. ಒಬ್ಬರ ಕೈಯಲ್ಲಿ ತಲೆ ದೊಡ್ಡದು, ಇನ್ನೊಬ್ಬರ ಕೈಯಲ್ಲಿ ಕಾಲು ಗಿಡ್ಡ ಎಂದಾಗಬಾರದು. ಅದಕ್ಕಾಗಿ ಬಂದದ್ದು ಮಾಡೆಲ್ ಶೀಟ್, ಟರ್ನ್‌ಅರೌಂಡ್ ಅದರದೇ ಒಂದು ಬಗೆ. ಪಾತ್ರದ ಎತ್ತರ ಎಷ್ಟು ತಲೆಯಳತೆ, ಸೊಂಟ ಎಲ್ಲಿ ಬರುತ್ತದೆ, ನಕ್ಕಾಗ ಕೆನ್ನೆ ಹೇಗೆ ಉಬ್ಬುತ್ತದೆ ಎಂಬುದೆಲ್ಲ ಅದರಲ್ಲಿರುತ್ತಿತ್ತು. ಆ ದಶಕದ ಕೊನೆಗೆ ಜೋ ಗ್ರಾಂಟ್ ಅವರ ನೇತೃತ್ವದಲ್ಲಿ ಇದಕ್ಕೆಂದೇ ಒಂದು ವಿಭಾಗವಾಯಿತು. ಹಾಳೆಯ ಮೇಲೆ ಅವರ ಹೆಸರಿನ ಮೊದಲಕ್ಷರಗಳ ಒಪ್ಪಿಗೆ ಬಿದ್ದ ರೂಪವೇ ಅಧಿಕೃತ ರೂಪ. 1940ರಲ್ಲಿ ತೆರೆಕಂಡ ‘ಪಿನೋಕಿಯೊ’ಗಾಗಿ ಈ ವಿಭಾಗ ಪಾತ್ರಗಳ ಪುಟ್ಟ ಪ್ರತಿಮೆಗಳನ್ನೂ ಮಾಡಿತು. ಚಿತ್ರ ಬರೆಯುವವರು ಪ್ರತಿಮೆಯನ್ನು ಮೇಜಿನ ಮೇಲಿಟ್ಟು, ತಮಗೆ ಬೇಕಾದ ಕಡೆಗೆ ತಿರುಗಿಸಿಕೊಂಡು ನೋಡುತ್ತಿದ್ದರು. ಅಲ್ಲಿ ಮೂರು ಆಯಾಮದ ವಸ್ತು ಎರಡು ಆಯಾಮದ ಚಿತ್ರಕ್ಕೆ ನೆರವಾಗುತ್ತಿತ್ತು.

ಈ ಸಂಬಂಧ ತಿರುವುಮುರುವಾದದ್ದು ಕಂಪ್ಯೂಟರ್ ಬಂದ ಮೇಲೆ. 1972ರಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ ಕ್ಯಾಟ್ಮುಲ್ ತಮ್ಮ ಎಡಗೈಯ ಅಚ್ಚು ತೆಗೆದು, ಅದರ ಮೇಲೆ ಸುಮಾರು 350 ತ್ರಿಕೋನ, ಬಹುಭುಜಗಳನ್ನು ಗುರುತಿಸಿ, ಕಂಪ್ಯೂಟರಿನಲ್ಲಿ ಚಲಿಸುವ ಕೈಯೊಂದನ್ನು ಮಾಡಿದರು. ಅದೇ ಕಾಲದಲ್ಲಿ ಅಲ್ಲಿಯೇ ಇದ್ದ ಫ್ರೆಡ್ ಪಾರ್ಕ್ ಮನುಷ್ಯರ ಮುಖವನ್ನೇ ಆರಿಸಿಕೊಂಡರು. ಮುಖದ ಮೇಲೆ ಬಲೆಯಂತೆ ಗೆರೆ ಬರೆದು, ಎದುರಿನಿಂದಲೂ ಪಕ್ಕದಿಂದಲೂ ಫೋಟೊ ತೆಗೆಸಿದರು. ಎದುರಿನ ಫೋಟೊದಿಂದ ಪ್ರತಿ ಬಿಂದುವಿನ ಅಗಲ ಮತ್ತು ಎತ್ತರ ಸಿಗುತ್ತದೆ, ಪಕ್ಕದ ಫೋಟೊದಿಂದ ಆಳ ಮತ್ತು ಎತ್ತರ. ಎತ್ತರ ಎರಡರಲ್ಲೂ ಇರುವುದರಿಂದ ಅದೇ ಕೊಂಡಿಯಾಗಿ ಎರಡು ಚಿತ್ರಗಳನ್ನು ಜೋಡಿಸುತ್ತದೆ. ಇಂದು ಕಂಪ್ಯೂಟರಿನಲ್ಲಿ ಗೊಂಬೆ ಕಟ್ಟುವ ಮಾಡೆಲರ್ ಟರ್ನ್‌ಅರೌಂಡ್ ಹಾಳೆಯನ್ನು ಓದುವುದೂ ಹೀಗೆಯೇ.

ವ್ಯತ್ಯಾಸವಿರುವುದು ಒಂದರಲ್ಲಿ ಮಾತ್ರ. ಪಾರ್ಕ್ ಅವರ ಎರಡು ಫೋಟೊಗಳ ಹಿಂದೆ ಒಂದೇ ನಿಜವಾದ ಮುಖವಿತ್ತು. ಕಲಾವಿದರು ಬರೆದ ನಾಲ್ಕು ಚಿತ್ರಗಳ ಹಿಂದೆ ಅಂಥ ಮೈ ಯಾವುದೂ ಇರುವುದಿಲ್ಲ. ಆದ್ದರಿಂದ ನಾಲ್ಕೂ ಚಿತ್ರಗಳು ಸುಂದರವಾಗಿದ್ದೂ ಒಂದಕ್ಕೊಂದು ತಾಳೆಯಾಗದೆ ಹೋಗಬಹುದು.

ಒಂದು ಉದಾಹರಣೆ ನೋಡೋಣ. ಪಾತ್ರ ಶಾಲೆಗೆ ಹೋಗುವ ಹುಡುಗಿ. ಎತ್ತರ 120 ಸೆಂಟಿಮೀಟರ್, ಅಂದರೆ 30 ಸೆಂಟಿಮೀಟರಿನ ನಾಲ್ಕು ತಲೆಯಳತೆ. ಹಾಳೆಯ ಮೇಲೆ ಅವಳು 2400 ಪಿಕ್ಸೆಲ್ ಎತ್ತರ, ಹಾಗಾಗಿ 20 ಪಿಕ್ಸೆಲ್‌ಗೆ ಒಂದು ಸೆಂಟಿಮೀಟರ್. ಮಾಡೆಲರ್ ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಎದುರಿನ ಚಿತ್ರವನ್ನೂ ಪಕ್ಕದ ಚಿತ್ರವನ್ನೂ ಒಂದಕ್ಕೊಂದು ಲಂಬವಾಗಿ ನಿಲ್ಲಿಸುತ್ತಾರೆ. ಎದುರಿನ ಚಿತ್ರದಲ್ಲಿ ಗಲ್ಲ ನೆಲದಿಂದ 1800 ಪಿಕ್ಸೆಲ್ ಮೇಲಿದೆ, ಪಕ್ಕದ ಚಿತ್ರದಲ್ಲಿ 1760. ಕಣ್ಣಿಗೆ ತಿಳಿಯದ ಈ ಅಂತರ ಗೊಂಬೆಯ ಮೇಲೆ 2 ಸೆಂಟಿಮೀಟರ್. ಎದುರಿನ ಗೆರೆಗೆ ಹೊಂದಿಸಿ ಮುಖ ಕಟ್ಟಿ ಪಕ್ಕದಿಂದ ನೋಡಿದರೆ, ಗೊಂಬೆಯ ಗಲ್ಲ ಚಿತ್ರದ ಗಲ್ಲಕ್ಕಿಂತ ಮೇಲೆ ನಿಂತುಬಿಡುತ್ತದೆ. ಅದನ್ನು ಕೆಳಕ್ಕೆ ಎಳೆದರೆ ಎದುರಿನ ಮುಖ ಉದ್ದವಾಗುತ್ತದೆ. ಇದು ಚಿತ್ರದಲ್ಲೇ ಸರಿಯಾಗಬೇಕಾದ ತಪ್ಪು. ನೆತ್ತಿ, ಕಣ್ಣು, ಮೂಗಿನ ಬುಡ, ಗಲ್ಲ, ಭುಜ, ಮಂಡಿ, ಅಂಗಾಲು ಇಷ್ಟಕ್ಕೆ ಹಾಳೆಯ ಈ ತುದಿಯಿಂದ ಆ ತುದಿಗೆ ಅಡ್ಡಗೆರೆ ಎಳೆದರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ.

ಪಾದದ ತಪ್ಪು ಇದಕ್ಕಿಂತ ಸೂಕ್ಷ್ಮ. ಎದುರಿನಿಂದ ಹುಡುಗಿಯನ್ನು ಬರೆಯುವಾಗ ಕಲಾವಿದರ ಕೈ ತಾನಾಗಿಯೇ ಬೆರಳುಗಳನ್ನು ಹಿಮ್ಮಡಿಗಿಂತ ಕೆಳಗೆ ಬರೆಯುತ್ತದೆ, ಏಕೆಂದರೆ ನಾವು ಪಾದವನ್ನು ನೋಡುವುದು ಮೇಲಿನಿಂದ. ಮಾಡೆಲಿಂಗಿಗೆ ಬೇಕಾದ ನೋಟದಲ್ಲಿ ಹತ್ತಿರ, ದೂರ ಎಂಬ ಭೇದವಿಲ್ಲ. ಅಲ್ಲಿ ಬೆರಳೂ ಹಿಮ್ಮಡಿಯೂ ಒಂದೇ ಗೆರೆಯ ಮೇಲಿರಬೇಕು. ಬೆರಳು 60 ಪಿಕ್ಸೆಲ್ ಕೆಳಗಿಳಿದಿದ್ದು, ಎರಡೂ ಚಿತ್ರಗಳನ್ನು ನೆತ್ತಿಯಿಂದ ಪಾದದ ತುದಿಯವರೆಗೆ ಸಮ ಎತ್ತರಕ್ಕೆ ತಂದರೆ, ಎದುರಿನ ಮೈಯೆಲ್ಲ ಚೂರು ಕುಗ್ಗುತ್ತದೆ. ಇದನ್ನು ಗುರುತಿಸುವ ಬಗೆ ಸುಲಭ. ಅಂತರ ನೆತ್ತಿಯ ಹತ್ತಿರ ಇಲ್ಲದೆ, ಕೆಳಗಿಳಿದಂತೆ ಹೆಚ್ಚುತ್ತಾ ಹೋಗಿ ಹಿಮ್ಮಡಿಯಲ್ಲಿ ಸುಮಾರು 3 ಸೆಂಟಿಮೀಟರ್ ಆದರೆ ತಪ್ಪು ಪಾದದ್ದು. ಗಲ್ಲ ಒಂದರಲ್ಲೇ ಅಂತರ ಕಂಡರೆ ತಪ್ಪು ಗಲ್ಲದ್ದೇ.

ಎಲ್ಲ ಗೆರೆಗಳೂ ತಾಳೆಯಾದ ಮೇಲೂ ಒಂದು ಕೊರತೆ ಉಳಿಯುತ್ತದೆ. ನೇರ ನಿಲ್ಲಿಸಿದ ಡಬ್ಬಿಯೊಂದನ್ನು ಎದುರಿನಿಂದ, ಪಕ್ಕದಿಂದ ನೋಡಿದರೆ ಎರಡೂ ಕಡೆ ಆಯತವೇ ಕಾಣುತ್ತದೆ. ಡಬ್ಬಿ ದುಂಡಗಿದೆಯೋ ಚೌಕವಾಗಿದೆಯೋ ಎಂದು ಆ ಎರಡು ನೋಟಗಳು ಹೇಳಲಾರವು. ಕೆನ್ನೆಯ ವಿಷಯವೂ ಹೀಗೆಯೇ. ಹೊಸಬರು ಕಟ್ಟಿದ ತಲೆಗಳು ಎದುರಿನಿಂದ, ಪಕ್ಕದಿಂದ ಸರಿಯಾಗಿ ಕಂಡು, ಓರೆಯಿಂದ ನೋಡಿದಾಗ ಮೂಲೆ ಮೂಲೆಯಾಗಿ ಕಾಣುವುದಕ್ಕೆ ಇದೇ ಕಾರಣ. ಹಾಗಾಗಿ ಓರೆನೋಟದ ಚಿತ್ರ ಹಾಳೆಯಲ್ಲಿ ಇರಲೇಬೇಕು. ಅದರಿಂದ ಅಳತೆ ತೆಗೆಯುವುದಿಲ್ಲ, ಕಟ್ಟಿದ ಮೈಯನ್ನು ಅದರ ಪಕ್ಕದಲ್ಲಿಟ್ಟು ಪರೀಕ್ಷಿಸುತ್ತಾರೆ. ತಲೆಯನ್ನು ಮೇಲಿನಿಂದ ನೋಡಿದ ಪುಟ್ಟ ಚಿತ್ರವೊಂದಿದ್ದರೆ ಊಹೆಯ ಕೆಲಸ ಇನ್ನೂ ತಗ್ಗುತ್ತದೆ.

ಮಾಡೆಲಿಂಗಿಗೆ ಹೋಗುವ ಹಾಳೆಯಲ್ಲಿ ನಿಲುವೂ ಬೇರೆ. ಮಾಡೆಲ್ ಶೀಟಿನ ಪಾತ್ರ ಸೊಂಟದ ಮೇಲೆ ಕೈಯಿಟ್ಟು ನಗಬಹುದು. ಇಲ್ಲಿ ಮುಖ ನಿರ್ಭಾವ, ತೋಳುಗಳು ಮೈಯಿಂದ ದೂರ. ಮೊದಲು ತೋಳುಗಳನ್ನು ನೇರ ಅಡ್ಡ ಚಾಚಿಸುವುದೇ ರೂಢಿಯಲ್ಲಿತ್ತು. ಈಗ ಹಲವರು ಸುಮಾರು 45 ಡಿಗ್ರಿ ಕೆಳಗಿಳಿಸಿ ಬರೆಸುತ್ತಾರೆ. ಪಾತ್ರ ಹೆಚ್ಚು ಹೊತ್ತು ಕೈ ಇಳಿಬಿಟ್ಟೇ ಇರುವುದರಿಂದ ಭುಜದ ಆಕಾರ ಅದಕ್ಕೆ ಹತ್ತಿರವಿದ್ದಷ್ಟೂ ಅಲುಗಾಡುವಾಗ ಕೆಡುವುದು ಕಡಿಮೆ. ಪಕ್ಕದ ನೋಟದಲ್ಲಿ ತೋಳು ಎದೆ ಸೊಂಟಗಳನ್ನು ಮುಚ್ಚುತ್ತದೆ. ಅದಕ್ಕೇ ಅಲ್ಲಿ ತೋಳನ್ನು ತೆಗೆದು ಬೇರೆಯಾಗಿ ಬರೆಯುತ್ತಾರೆ.

ಇನ್ನು ಮಿಕ್ಕಿಯ ಕಿವಿಯಂಥ ಪ್ರಶ್ನೆ. ಅದನ್ನು ಅಳತೆಯಿಂದ ಬಗೆಹರಿಸಲಾಗದು, ಏಕೆಂದರೆ ಅಂಥ ಪಾತ್ರಕ್ಕೆ ಒಂದೇ ಮೈ ಎಂಬುದೇ ಇಲ್ಲ. ಚಾರ್ಲ್ಸ್ ಶುಲ್ಜ್ ಅವರ ಚಾರ್ಲಿ ಬ್ರೌನ್‌ನ ಎದುರು ಮುಖಕ್ಕೂ ಪಕ್ಕದ ಮುಖಕ್ಕೂ ಕಣ್ಣು, ಮೂಗು, ಕಿವಿಗಳ ಜಾಗ ಕೂಡುವುದಿಲ್ಲ. 2015ರ ‘ದಿ ಪೀನಟ್ಸ್ ಮೂವಿ’ಯಲ್ಲಿ ಬ್ಲೂ ಸ್ಕೈ ಸ್ಟುಡಿಯೋದವರು ಅವನ್ನು ಬಲವಂತವಾಗಿ ಕೂಡಿಸಲು ಹೋಗಲಿಲ್ಲ. ಶುಲ್ಜ್ ಬರೆಯುತ್ತಿದ್ದ ನೋಟಗಳನ್ನೇ ಆಧಾರವಾಗಿಟ್ಟುಕೊಂಡು, ತಲೆ ತಿರುಗಿದಂತೆ ಅಂಗಗಳು ಜಾಗ ಬದಲಿಸುವ ಹಾಗೆ ಮಾಡಿದರು.

ಹಾಗಾಗಿ ಒಳ್ಳೆಯ ಹಾಳೆಯಲ್ಲಿ ಚಿತ್ರಗಳ ಪಕ್ಕದಲ್ಲಿ ಎರಡು ಮಾತು ಬರೆದಿರಬೇಕು. ಯಾವ ಅಂಗ ನೋಟಕ್ಕೆ ತಕ್ಕಂತೆ ಬದಲಾಗಬೇಕು ಎಂಬುದು ಒಂದು. ಎರಡು ನೋಟಗಳು ಕೂಡದಿದ್ದಾಗ ಯಾವುದರ ಮಾತು ನಡೆಯಬೇಕು ಎಂಬುದು ಇನ್ನೊಂದು. ಸಾಮಾನ್ಯವಾಗಿ ಪ್ರೇಕ್ಷಕರು ಹೆಚ್ಚು ಹೊತ್ತು ನೋಡುವುದು ಓರೆನೋಟದ ಮುಖವನ್ನು, ಆದ್ದರಿಂದ ಅದರ ಮಾತೇ ನಡೆಯುವುದು ಸರಿ. ಈ ತೀರ್ಮಾನ ಪಾತ್ರವನ್ನು ಸೃಷ್ಟಿಸಿದವರದು. ಅವರು ಬರೆದಿಡದಿದ್ದರೆ ಅದನ್ನು ಮಾಡೆಲರ್ ತಮಗೆ ತೋಚಿದಂತೆ ತೆಗೆದುಕೊಳ್ಳಬೇಕಾಗುತ್ತದೆ, ಆಗ ಪಾತ್ರ ಬೇರೆಯವರದಾಗುತ್ತದೆ.