ಮರದ ಪೆಟ್ಟಿಗೆಗೆ ಎಷ್ಟು ಪಿಕ್ಸೆಲ್ ಬೇಕು?

ಗೇಮ್ ಒಂದರಲ್ಲಿ ಗೋದಾಮಿನ ಮೂಲೆಗಿಡುವ ಮರದ ಪೆಟ್ಟಿಗೆ. ಪ್ರತಿ ಬದಿ 1 ಮೀಟರ್. ಮೀಟರಿಗೆ 512 ಪಿಕ್ಸೆಲ್ ಎಂದು ಕಲಾವಿದರು ಮೊದಲೇ ನಿಗದಿ ಮಾಡಿಕೊಳ್ಳುತ್ತಾರೆ. ಇದೇ ಟೆಕ್ಸೆಲ್ ಸಾಂದ್ರತೆ. ಪಕ್ಕದ ಪೀಪಾಯಿಗೂ ಅದೇ ಅಳತೆಯಿರಬೇಕು, ಇಲ್ಲವಾದರೆ ಒಂದು ಸ್ಪಷ್ಟವಾಗಿ, ಇನ್ನೊಂದು ಮಸುಕಾಗಿ ಕಾಣುತ್ತದೆ. ಎರಡಕ್ಕೂ ಚೌಕುಳಿ ಚಿತ್ರ ಹಚ್ಚಿ ನೋಡಿದರೆ ವ್ಯತ್ಯಾಸ ಕೂಡಲೇ ಗೊತ್ತಾಗುತ್ತದೆ.

ಪೆಟ್ಟಿಗೆಯನ್ನು ಶಿಲುಬೆಯಾಕಾರದಲ್ಲಿ ಬಿಚ್ಚಿ ಹರಡಿದರೆ 2048×2048 ಟೆಕ್ಸ್ಚರ್ ಬೇಕು. ಆರು ಮುಖಗಳು ತುಂಬುವುದು ಅದರ 37.5% ಮಾತ್ರ; ಉಳಿದದ್ದು ಶುದ್ಧ ದಂಡ.

ಮುಖಗಳನ್ನು ಬಿಡಿ ಯುವಿ ದ್ವೀಪಗಳಾಗಿ ಕತ್ತರಿಸಿ, ತಳವನ್ನು ಮುಚ್ಚಳದ ಮೇಲೆ, ಹಿಂಬದಿಯನ್ನು ಮುಂಬದಿಯ ಮೇಲೆ ಪೇರಿಸಿದರೆ ನಾಲ್ಕೇ ಜಾಗ ಸಾಕು. ಆಗ 1024×1024 ಟೆಕ್ಸ್ಚರಿನಲ್ಲೇ ಕೆಲಸ ಮುಗಿಯುತ್ತದೆ. ಆದರೆ ದ್ವೀಪಗಳನ್ನು ಅಂಟಿಸಿಡಬಾರದು: ದೂರದಿಂದ ನೋಡುವಾಗ ಚಿತ್ರ ಕುಗ್ಗಿ, ಪಕ್ಕದ ಬಣ್ಣ ಅಂಚಿಗೆ ಸೋರುತ್ತದೆ. ಪ್ರತಿ ಮುಖವನ್ನು 500 ಪಿಕ್ಸೆಲಿಗೆ ಇಳಿಸಿದರೆ ನಡುವೆ 12 ಪಿಕ್ಸೆಲ್ ಅಂತರ ಸಿಗುತ್ತದೆ. ಬಳಕೆ ಆಗಲೂ 95% ದಾಟುತ್ತದೆ.

ಪೇರಿಸಿದ ಮುಖಗಳಲ್ಲಿ ಗೀರು, ಕಲೆ ಎಲ್ಲವೂ ಒಂದೇ. ಹಾಗಾಗಿ ಒಂದೇ ಬದಿಯಲ್ಲಿ ಬರಹ ಬೇಕಿದ್ದರೆ, ಆ ಮುಖಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು.